ಮಾರ್ಚ್‌ಗಲ್ಲ, ಡಿಸೆಂಬರ್‌ಗೆ ಮುಗಿಯುವ ಲೆಕ್ಕ

2024ರ ನವೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆ 19,501 ಮಂದಿಯ ಮೊಬೈಲಿಗೂ ಇಮೇಲಿಗೂ ಒಂದು ಸಂದೇಶ ಕಳಿಸಿತು. ಅದು ನೋಟಿಸ್ ಆಗಿರಲಿಲ್ಲ. ಹೊರದೇಶದಲ್ಲಿ ನಿಮ್ಮ ಹೆಸರಿನ ಖಾತೆಯೋ ಆದಾಯವೋ ಇರುವ ಮಾಹಿತಿ ಬಂದಿದೆ, ರಿಟರ್ನ್‌ನಲ್ಲಿ ಅದು ಕಾಣುತ್ತಿಲ್ಲ, ಒಮ್ಮೆ ನೋಡಿಕೊಳ್ಳಿ ಎಂಬ ಧಾಟಿಯದು. ಈ ಅಭಿಯಾನದ ಫಲವಾಗಿ 24,678 ಮಂದಿ ತಮ್ಮ ರಿಟರ್ನ್ ತೆಗೆದು ನೋಡಿದರು, 5,483 ಮಂದಿ ತಡವಾಗಿಯಾದರೂ ರಿಟರ್ನ್ ಸಲ್ಲಿಸಿದರು. ಹೀಗೆ ಹೊರಬಿದ್ದ ವಿದೇಶಿ ಆಸ್ತಿ 29,208 ಕೋಟಿ ರೂಪಾಯಿ. ಹೆಚ್ಚುವರಿ ಆದಾಯ ಮಾತ್ರ 1,089.88 ಕೋಟಿ.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಬೇಕು. ಆಸ್ತಿ ಬೆಟ್ಟದಷ್ಟು, ಆದಾಯ ಗುಡ್ಡದಷ್ಟು. ಇವರಲ್ಲಿ ಕೆಲವರು ಕಳ್ಳಲೆಕ್ಕದವರೂ ಇದ್ದಿರಬಹುದು. ಆದರೆ ತೆರಿಗೆ ಕಟ್ಟಿಯೂ ಆಸ್ತಿಯನ್ನು ಹೇಳಲು ಮರೆತವರು ಎಂತಹವರು ಎಂಬುದು ಬೆಂಗಳೂರಿನ ಯಾವ ಆಡಿಟರ್‌ಗಾದರೂ ಗೊತ್ತು. ಅಮೆರಿಕದ ಕಂಪನಿಯ ಇಲ್ಲಿನ ಕಚೇರಿಯಲ್ಲಿ ದುಡಿದು ಸಂಬಳದ ಜೊತೆಗೆ ಅಲ್ಲಿನ ಷೇರು ಪಡೆದವರು, ಒಂದೆರಡು ವರ್ಷ ಹೊರಗಿದ್ದು ಬಂದು ಅಲ್ಲಿನ ಬ್ಯಾಂಕ್ ಖಾತೆಯನ್ನು ಹಾಗೇ ಬಿಟ್ಟವರು. ‘ಕಂಪನಿಯವರು ಟಿಡಿಎಸ್ ಹಿಡಿದಿದ್ದಾರೆ, ಫಾರಂ 16ರಲ್ಲಿ ಬಂದಿದೆ, ಇನ್ನೇನು ಬಾಕಿ?’ ಎನ್ನುವುದು ಅವರ ಪ್ರಾಮಾಣಿಕ ಪ್ರಶ್ನೆ.

ಬಾಕಿ ಇರುವುದು ತೆರಿಗೆಯಲ್ಲ, ಮಾಹಿತಿ. ರಿಟರ್ನ್‌ನಲ್ಲಿ ಷೆಡ್ಯೂಲ್ ಎಫ್‌ಎ ಎಂಬ ವಿದೇಶಿ ಆಸ್ತಿಗಳ ಪಟ್ಟಿ ಸೇರಿದ್ದು 2012ರಲ್ಲಿ. ಜಿನೀವಾದ ಬ್ಯಾಂಕೊಂದರಲ್ಲಿದ್ದ ಭಾರತೀಯರ ಖಾತೆಗಳ ವಿವರ ಅದರ ಹಿಂದಿನ ವರ್ಷ ಫ್ರಾನ್ಸ್ ಮೂಲಕ ಸರ್ಕಾರದ ಕೈ ಸೇರಿತ್ತು. ಪಟ್ಟಿಗೆ ಹಲ್ಲು ಬಂದದ್ದು 2015ರ ಕಪ್ಪು ಹಣ ಕಾಯ್ದೆಯಿಂದ. ಸ್ವಿಸ್ ಖಾತೆದಾರರನ್ನು ಮನಸ್ಸಿನಲ್ಲಿಟ್ಟು ಹೆಣೆದ ಬಲೆಗೆ ಈಗ ವೈಟ್‌ಫೀಲ್ಡ್‌ನ ಸಂಬಳದಾರರು ಸಿಕ್ಕಿಬೀಳುತ್ತಿದ್ದಾರೆ.

ಪಟ್ಟಿ ತುಂಬಬೇಕಾದವರು ತೆರಿಗೆಯ ಲೆಕ್ಕದಲ್ಲಿ ಪೂರ್ಣ ನಿವಾಸಿಗಳು ಮಾತ್ರ. ಅನಿವಾಸಿಗೆ ಇದು ಅನ್ವಯಿಸುವುದಿಲ್ಲ. ಬಹುಕಾಲ ಹೊರಗಿದ್ದು ಮರಳಿದವರಿಗೆ ಮೊದಲ ಎರಡು ಮೂರು ವರ್ಷ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ನಡುವಿನ ಸ್ಥಾನ ಸಿಗುವುದುಂಟು, ಅವರಿಗೂ ವಿನಾಯಿತಿ. ಉಳಿದವರೆಲ್ಲ, ಆದಾಯ ತೆರಿಗೆಯ ಮಿತಿಗಿಂತ ಕಡಿಮೆಯಿದ್ದರೂ, ರಿಟರ್ನ್ ಸಲ್ಲಿಸಿ ಇದನ್ನು ತುಂಬಲೇಬೇಕು. ಸಂಬಳದಾರರು ರೂಢಿಯಂತೆ ಬಳಸುವ ಐಟಿಆರ್-1ರಲ್ಲಿ ಈ ಪಟ್ಟಿಯೇ ಇಲ್ಲ. ಹೊರದೇಶದಲ್ಲಿ ಒಂದೇ ಒಂದು ಷೇರಿದ್ದರೂ ಐಟಿಆರ್-2 ಅಥವಾ 3ಕ್ಕೆ ಹೋಗಬೇಕು. ಎಷ್ಟೋ ತಪ್ಪುಗಳು ಹುಟ್ಟುವುದು ಫಾರಂ ಆರಿಸುವ ಈ ಮೊದಲ ಹೆಜ್ಜೆಯಲ್ಲೇ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಬೆಂಗಳೂರಿನ ಒಬ್ಬ ಎಂಜಿನಿಯರ್ ಎಂದಿಟ್ಟುಕೊಳ್ಳಿ. ಅಮೆರಿಕದ ಮಾತೃಸಂಸ್ಥೆ ಆಕೆಗೆ ಷೇರು ಕೊಡುತ್ತದೆ. ತೆರಿಗೆಗೆಂದು ಒಂದಷ್ಟು ಷೇರು ಮುರಿದುಕೊಂಡ ಮೇಲೆ 2023ರ ಮಾರ್ಚ್‌ನಲ್ಲಿ ಆಕೆಯ ಖಾತೆಗೆ 65 ಷೇರು ಬಂದವು, 2024ರ ಮೇ ತಿಂಗಳಲ್ಲಿ ಇನ್ನೂ 100. ಇವೆಲ್ಲ ಅಲ್ಲಿನ ಬ್ರೋಕರ್ ಬಳಿ ಇವೆ. ಜೊತೆಗೆ 2019ರಲ್ಲಿ ಕಂಪನಿ ಕೆಲಸಕ್ಕೆ ಆರು ತಿಂಗಳು ಅಲ್ಲಿದ್ದಾಗ ತೆರೆದ ಉಳಿತಾಯ ಖಾತೆಯಲ್ಲಿ 1,200 ಡಾಲರ್ ಉಳಿದಿದೆ. ಬಡ್ಡಿ ಬರದ ಆ ಖಾತೆ ಆಕೆಗೆ ಮರೆತೇಹೋಗಿದೆ. ಈಗ ತುಂಬಬೇಕಿರುವುದು 2025-26ರ ಅಸೆಸ್‌ಮೆಂಟ್ ವರ್ಷದ ರಿಟರ್ನ್.

ಮೊದಲ ತೊಡಕು ವರ್ಷದ್ದು. ಸಂಬಳ, ಬಡ್ಡಿ, ಬಾಡಿಗೆ ಎಲ್ಲಕ್ಕೂ ನಮ್ಮ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಷೆಡ್ಯೂಲ್ ಎಫ್‌ಎ ಮಾತ್ರ ಜನವರಿ 1ರಿಂದ ಡಿಸೆಂಬರ್ 31ರವರೆಗಿನದನ್ನು ಕೇಳುತ್ತದೆ. ಆಕೆಯ ಈ ರಿಟರ್ನ್‌ಗೆ ಬೇಕಾದದ್ದು 2024ರ ಕ್ಯಾಲೆಂಡರ್ ವರ್ಷ. ದೇಶಗಳು ಪರಸ್ಪರ ಹಂಚಿಕೊಳ್ಳುವ ಖಾತೆಗಳ ಮಾಹಿತಿಯೂ ಸಾಮಾನ್ಯವಾಗಿ ಕ್ಯಾಲೆಂಡರ್ ವರ್ಷದ್ದೇ, ಆದ್ದರಿಂದ ಇಲಾಖೆಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಸುಲಭ. ತುಂಬುವವರಿಗೆ ಮಾತ್ರ ತಲೆನೋವು. 2024ರ ಫೆಬ್ರವರಿಯಲ್ಲಿ ಬಂದ ಡಿವಿಡೆಂಡ್‌ಗೆ ತೆರಿಗೆ ಹಿಂದಿನ ರಿಟರ್ನ್‌ನಲ್ಲೇ ಸಲ್ಲಬೇಕು, ಆದರೆ ಎಫ್‌ಎ ಪಟ್ಟಿಯಲ್ಲಿ ಅದು ಈ ರಿಟರ್ನ್‌ಗೆ ಬರುತ್ತದೆ. ಹೀಗಾಗಿ ವಿದೇಶಿ ಆದಾಯದ ಷೆಡ್ಯೂಲ್‌ನ ಮೊತ್ತವೂ ಆಸ್ತಿ ಪಟ್ಟಿಯ ಮೊತ್ತವೂ ಹೊಂದದೇ ಇರಬಹುದು. ಹೊಂದಲಿಲ್ಲವೆಂದು ಯಾವುದೋ ಒಂದನ್ನು ತಿದ್ದಿ ಸರಿಮಾಡಲು ಹೋದರೆ ಆಗ ನಿಜವಾದ ತಪ್ಪು ಆಗುತ್ತದೆ.

ಪಟ್ಟಿಯಲ್ಲಿ ಹಲವು ಕೋಷ್ಟಕಗಳಿವೆ. ಈಕೆಗೆ ಬೇಕಾದವು ಮೂರು. ಮರೆತ ಬ್ಯಾಂಕ್ ಖಾತೆ ಎ1ಕ್ಕೆ, ಬ್ರೋಕರ್ ಬಳಿಯ ಖಾತೆ ಎ2ಕ್ಕೆ, ಷೇರುಗಳು ಎ3ಕ್ಕೆ. ಎರಡು ದಿನ ಕೈಗೆ ಬಂದ ಷೇರುಗಳಿಗೆ ಎ3ರಲ್ಲಿ ಎರಡು ಸಾಲು ಬರೆಯುವುದು ಒಳ್ಳೆಯದು, ಏಕೆಂದರೆ ಅಲ್ಲಿ ಪಡೆದ ದಿನಾಂಕವನ್ನೂ ಆ ದಿನದ ಮೌಲ್ಯವನ್ನೂ ಕೇಳುತ್ತಾರೆ. ಕಂಪನಿ ಮುಂದೆ ಕೊಡುತ್ತೇನೆಂದು ಹೇಳಿದ, ಇನ್ನೂ ಖಾತೆಗೆ ಬಾರದ ಷೇರುಗಳು ಇಲ್ಲಿ ಲೆಕ್ಕಕ್ಕಿಲ್ಲ.

ಪ್ರತಿ ಸಾಲಿಗೂ ಆರಂಭದ ಮೌಲ್ಯ, ವರ್ಷದೊಳಗಿನ ಗರಿಷ್ಠ ಮೌಲ್ಯ ಮತ್ತು ಡಿಸೆಂಬರ್ 31ರ ಮೌಲ್ಯ ಬೇಕು. ಡಾಲರನ್ನು ರೂಪಾಯಿಗೆ ತಿರುಗಿಸಲು ಆಯಾ ದಿನದ ಸ್ಟೇಟ್ ಬ್ಯಾಂಕ್ ಟಿಟಿ ಖರೀದಿ ದರವನ್ನೇ ಹಿಡಿಯಬೇಕು, ಗೂಗಲ್ ತೋರಿಸಿದ ದರವನ್ನಲ್ಲ. ಲೆಕ್ಕದ ಸುಲಭಕ್ಕೆ ಒಂದು ಷೇರು ವರ್ಷದಲ್ಲಿ ಅತಿ ಹೆಚ್ಚೆಂದರೆ 160 ಡಾಲರ್ ಮುಟ್ಟಿತು, ಅದು 100 ಷೇರು ಬಂದ ನಂತರದ ಒಂದು ದಿನ, ಆ ದಿನದ ದರ 84 ರೂಪಾಯಿ ಎನ್ನೋಣ. 165 ಷೇರುಗಳ ಗರಿಷ್ಠ ಮೌಲ್ಯ 22,17,600 ರೂಪಾಯಿ. ವರ್ಷದ ಕೊನೆಗೆ ಷೇರು 140 ಡಾಲರ್‌ಗೆ ಇಳಿದು ದರ 85 ರೂಪಾಯಿ ಆಗಿದ್ದರೆ 19,63,500. ಬ್ಯಾಂಕ್ ಖಾತೆಯ 1,200 ಡಾಲರ್‌ಗೆ ಅದೇ ದರದಲ್ಲಿ 1,02,000.

ಡಿವಿಡೆಂಡ್ ಬಂದಿದ್ದರೆ ಅಮೆರಿಕದಲ್ಲಿ ಅದರ ಶೇಕಡ 25ರಷ್ಟು ತೆರಿಗೆ ಹಿಡಿದು ಉಳಿದದ್ದನ್ನು ಖಾತೆಗೆ ಹಾಕಿರುತ್ತಾರೆ. ಪಟ್ಟಿಯಲ್ಲಿ ಬರೆಯಬೇಕಾದದ್ದು ಹಿಡಿಯುವ ಮುಂಚಿನ ಪೂರ್ತಿ ಮೊತ್ತ. ಹಿಡಿದ ತೆರಿಗೆಯನ್ನು ಇಲ್ಲಿ ಜಮಾ ಮಾಡಿಸಿಕೊಳ್ಳಲು ಫಾರಂ 67 ಬೇರೆಯೇ ಇದೆ.

ಇನ್ನು ದಂಡ. ಕಪ್ಪು ಹಣ ಕಾಯ್ದೆಯ 43ನೇ ಕಲಂ ಪ್ರಕಾರ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯನ್ನು ಹೇಳದಿದ್ದರೆ ಅಥವಾ ತಪ್ಪಾಗಿ ಹೇಳಿದರೆ 10 ಲಕ್ಷ ರೂಪಾಯಿ ವಿಧಿಸಬಹುದು. ಈ ದಂಡ ಆಸ್ತಿಯ ಬೆಲೆಗೆ ತಕ್ಕಂತೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತೆರಿಗೆ ಒಂದು ಪೈಸೆ ಬಾಕಿ ಇಲ್ಲದಿದ್ದರೂ ಅಷ್ಟೇ. ಮತ್ತು ಅದು ವರ್ಷವರ್ಷಕ್ಕೂ ಪ್ರತ್ಯೇಕ: ಮೂರು ವರ್ಷ ಬಿಟ್ಟರೆ ಮೂವತ್ತು ಲಕ್ಷ.

ಸಣ್ಣವರಿಗೆ ಸ್ವಲ್ಪ ಗಾಳಿ ಬಿಟ್ಟಿದ್ದು 2024ರ ಅಕ್ಟೋಬರ್ 1ರಿಂದ. ಅದಕ್ಕೂ ಮುಂಚೆ 5 ಲಕ್ಷದೊಳಗಿನ ಬ್ಯಾಂಕ್ ಖಾತೆಗಳಿಗೆ ಮಾತ್ರ ದಂಡದಿಂದ ಬಿಡುಗಡೆಯಿತ್ತು, ಷೇರುಗಳಿಗೆ ಇರಲಿಲ್ಲ. ಈಗ ಮನೆ, ನಿವೇಶನ ಬಿಟ್ಟು ಉಳಿದ ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ಈ ದಂಡವಿಲ್ಲ. ಇದನ್ನು ಅನೇಕರು ‘20 ಲಕ್ಷದವರೆಗೆ ತೋರಿಸಬೇಕಿಲ್ಲ’ ಎಂದು ಓದಿಕೊಂಡಿದ್ದಾರೆ. ತಪ್ಪು. ಬಿಡುಗಡೆ ದಂಡಕ್ಕೆ, ತೋರಿಸುವುದಕ್ಕಲ್ಲ. ನಮ್ಮ ಎಂಜಿನಿಯರ್ ಲೆಕ್ಕವನ್ನೇ ನೋಡಿ. ಡಿಸೆಂಬರ್ 31ರ ಷೇರು ಮೌಲ್ಯವಷ್ಟನ್ನೇ ಹಿಡಿದರೆ ಆಕೆ ಗೆರೆಯ ಒಳಗಿದ್ದಾಳೆ. ಮರೆತ ಬ್ಯಾಂಕ್ ಖಾತೆಯನ್ನು ಸೇರಿಸಿದ ಕೂಡಲೇ ಮೊತ್ತ 20,65,500 ಆಗಿ ಗೆರೆ ದಾಟುತ್ತದೆ. ಗರಿಷ್ಠ ಮೌಲ್ಯ ಹಿಡಿದರಂತೂ ಷೇರುಗಳೊಂದೇ ಸಾಕು. ಷೇರು ಪೇಟೆಯ ಏರಿಳಿತದ ಮೇಲೆ ನಿಂತ ಇಂಥ ವಿನಾಯಿತಿಯನ್ನು ನೆಚ್ಚಿಕೊಂಡು ಕೂರುವುದು ಜಾಣತನವಲ್ಲ.

ಇದಕ್ಕಿಂತ ಕಠಿಣ ಮಜಲೂ ಇದೆ. ಆಸ್ತಿಗೆ ಹಣ ಎಲ್ಲಿಂದ ಬಂತು ಎಂದು ತೃಪ್ತಿಕರವಾಗಿ ಹೇಳಲಾಗದಿದ್ದರೆ ಅದು ‘ಬಚ್ಚಿಟ್ಟ ಆಸ್ತಿ’ಯಾಗುತ್ತದೆ. ಅಧಿಕಾರಿಯ ಗಮನಕ್ಕೆ ಬಂದ ವರ್ಷದ ಬೆಲೆಯ ಮೇಲೆ ಶೇಕಡ 30 ತೆರಿಗೆ, ಅದರ ಮೂರು ಪಟ್ಟು ದಂಡ. ಎರಡೂ ಸೇರಿ ಆಸ್ತಿಯ ಬೆಲೆಯನ್ನೇ ಮೀರಿ ಶೇಕಡ 120. ಬೇಕೆಂದೇ ಮುಚ್ಚಿಟ್ಟರೆ ಆರು ತಿಂಗಳಿಂದ ಏಳು ವರ್ಷದವರೆಗೆ ಜೈಲು ಕೂಡ ಕಾಯ್ದೆಯಲ್ಲಿದೆ. ಷೇರು ಬಂದಾಗ ಸಂಬಳವೆಂದು ತೆರಿಗೆ ಕಟ್ಟಿದವರಿಗೆ ಮೂಲ ತೋರಿಸಲು ಫಾರಂ 16 ಮತ್ತು ಬ್ರೋಕರ್ ಸ್ಟೇಟ್‌ಮೆಂಟ್ ಸಾಕು, ಅವರು ಈ ಮಜಲಿಗೆ ಹೆದರಬೇಕಿಲ್ಲ. ಅವರ ಚಿಂತೆ ಹತ್ತು ಲಕ್ಷದ್ದು.

ಆ ಹತ್ತು ಲಕ್ಷ ತಪ್ಪಿಸಲಾಗದ್ದೇ? 43ನೇ ಕಲಂನಲ್ಲಿ ಅಧಿಕಾರಿ ದಂಡ ‘ವಿಧಿಸಬಹುದು’ ಎಂದಿದೆ, ‘ವಿಧಿಸತಕ್ಕದ್ದು’ ಎಂದಿಲ್ಲ. ಈ ಒಂದು ಪದವನ್ನು ಹಿಡಿದು ವಾದಗಳು ನಡೆದಿವೆ. ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಒಂದು ಪ್ರಕರಣದಲ್ಲಿ ತಪ್ಪು ದುರುದ್ದೇಶದ್ದಲ್ಲವೆಂದು ದಂಡವನ್ನು ಕೈಬಿಟ್ಟಿತು. ಅದೇ ಊರಿನ ಮಂಡಳಿ ಇನ್ನೊಂದು ಪ್ರಕರಣದಲ್ಲಿ, ಹೂಡಿಕೆಯ ಮೂಲ ಗೊತ್ತಿದ್ದರೂ ಪಟ್ಟಿಯಲ್ಲಿ ಹೇಳಿಲ್ಲವೆಂದು ಮೂರು ವರ್ಷಕ್ಕೂ ತಲಾ ಹತ್ತು ಲಕ್ಷವನ್ನು ಎತ್ತಿಹಿಡಿಯಿತು. ಎರಡನೆಯ ತೀರ್ಪನ್ನು ಓದಿದವರು ಮೊದಲನೆಯದರ ಮೇಲೆ ಭರವಸೆಯಿಟ್ಟು ಮಲಗಲಾರರು.

ತಪ್ಪು ಗೊತ್ತಾದಾಗ ಮಾಡಬಹುದಾದದ್ದು ಪರಿಷ್ಕೃತ ರಿಟರ್ನ್. ಆಕೆಯ ಈ ರಿಟರ್ನ್‌ಗೆ ಅದರ ಗಡುವು 2025ರ ಡಿಸೆಂಬರ್ 31. ಮೂಲ ರಿಟರ್ನ್, ತಡವಾದ ರಿಟರ್ನ್, ಪರಿಷ್ಕೃತ ರಿಟರ್ನ್ ಈ ಮೂರರಲ್ಲಿ ಯಾವುದರಲ್ಲಿ ಹೇಳಿದರೂ 43ನೇ ಕಲಂಗೆ ಸಮ್ಮತ. ಮೊದಲು ಐಟಿಆರ್-1 ಹಾಕಿದ್ದರೆ ಈಗ ಐಟಿಆರ್-2ರಲ್ಲಿ ಪರಿಷ್ಕರಿಸಿ, ‘ಭಾರತದ ಹೊರಗೆ ಆಸ್ತಿ ಇದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಒತ್ತಬೇಕು.

ಆಕೆ ಇದನ್ನೆಲ್ಲ ತಿಳಿದು ಬೇಸತ್ತು 2025ರ ಫೆಬ್ರವರಿಯಲ್ಲೇ ಎಲ್ಲ ಷೇರು ಮಾರಿ, ಬ್ಯಾಂಕ್ ಖಾತೆಯನ್ನೂ ಮುಚ್ಚಿದಳು ಎನ್ನಿ. ಆಗಲೂ 2024ರ ವಿವರ ಈ ರಿಟರ್ನ್‌ನಲ್ಲಿ ಇರಲೇಬೇಕು. ಮಾರಿದ ಲಾಭಕ್ಕೆ ತೆರಿಗೆಯೂ ಇದೇ ರಿಟರ್ನ್‌ನಲ್ಲಿ. ಆದರೆ ಮಾರಿ ಬಂದ ಮೊತ್ತವನ್ನು ಎಫ್‌ಎ ಪಟ್ಟಿಯಲ್ಲಿ ಬರೆಯುವುದು ಮುಂದಿನ ವರ್ಷ, ಏಕೆಂದರೆ ಫೆಬ್ರವರಿ ಸೇರುವುದು 2025ರ ಕ್ಯಾಲೆಂಡರ್‌ಗೆ. ಹೀಗಾಗಿ ಕೈಯಲ್ಲಿ ಒಂದೂ ಷೇರು ಇಲ್ಲದ ಆಕೆ 2026-27ರ ರಿಟರ್ನ್‌ನಲ್ಲಿ ಮತ್ತೊಮ್ಮೆ ಅದೇ ಸಾಲುಗಳನ್ನು ತುಂಬುತ್ತಾಳೆ, ವರ್ಷಾಂತ್ಯದ ಮೌಲ್ಯದ ಜಾಗದಲ್ಲಿ ಸೊನ್ನೆ ಹಾಕಿ. ಖಾತೆ ಮುಚ್ಚಿದ ಮೇಲೆ ಬ್ರೋಕರ್ ವೆಬ್‌ಸೈಟಿಗೆ ಲಾಗಿನ್ ಆಗಲಾಗದೇ ಹೋಗಬಹುದು. ಸ್ಟೇಟ್‌ಮೆಂಟುಗಳನ್ನೂ ಬ್ಯಾಂಕ್ ಶಾಖೆಯ ವಿಳಾಸ, ಜಿಪ್ ಕೋಡ್‌ಗಳನ್ನೂ ಮುಚ್ಚುವ ಮೊದಲೇ ಇಳಿಸಿಟ್ಟುಕೊಂಡರೆ ಮುಂದಿನ ಜುಲೈನಲ್ಲಿ ಅಮೆರಿಕಕ್ಕೆ ನಡುರಾತ್ರಿ ಫೋನ್ ಹಚ್ಚುವ ಕೆಲಸ ತಪ್ಪುತ್ತದೆ.