ಎರಡನೇ ಸರ್ವರ್ ಬಂದಾಗ ಫೋಟೊ ಎಲ್ಲಿ ಹೋಯಿತು?

ಉದ್ಯೋಗಕ್ಕೆ ಅರ್ಜಿ ಹಾಕುವ ಒಂದು ಜಾಲತಾಣವನ್ನು ಊಹಿಸಿಕೊಳ್ಳಿ. ಪಿಎಚ್‌ಪಿಯಲ್ಲಿ ಬರೆದದ್ದು, ಒಂದೇ ಸರ್ವರ್‌ನಲ್ಲಿ ಓಡುತ್ತಿದೆ. ಕೊನೆಯ ದಿನದ ನೂಕುನುಗ್ಗಲಿಗೆ ಅದು ಸಾಲದೆಂದು ಇನ್ನೊಂದು ಸರ್ವರ್ ಸೇರಿಸಿ, ಮುಂದೆ ಲೋಡ್ ಬ್ಯಾಲೆನ್ಸರ್ ಇಡುತ್ತಾರೆ. ಬಂದ ಕೋರಿಕೆಗಳನ್ನು ಅದು ಎರಡಕ್ಕೂ ಸರದಿಯಂತೆ ಹಂಚುತ್ತದೆ. ಅಲ್ಲಿಂದಲೇ ದೂರು ಶುರು. ಲಾಗಿನ್ ಆದವರಿಗೆ ಮುಂದಿನ ಪುಟದಲ್ಲಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಹಾಕಿದ ಫೋಟೊ ಒಮ್ಮೆ ಕಾಣುತ್ತದೆ, ರಿಫ್ರೆಶ್ ಮಾಡಿದರೆ ಮಾಯ.

ಕಾರಣ ಸರಳ. ಬ್ರೌಸರ್ ತನ್ನ ಕುಕಿಯಲ್ಲಿ ಒಯ್ಯುವುದು ಒಂದು ಗುರುತಿನ ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆ ಯಾರದ್ದು ಎಂಬ ವಿವರ ಸರ್ವರ್‌ನ ಸ್ವಂತ ಡಿಸ್ಕ್‌ನಲ್ಲಿರುತ್ತದೆ. ಉಬುಂಟುವಿನಲ್ಲಾದರೆ `/var/lib/php/sessions` ಎಂಬಲ್ಲಿ. ಮೊದಲ ಸರ್ವರ್ ಬರೆದಿಟ್ಟದ್ದು ಎರಡನೆಯದಕ್ಕೆ ಗೊತ್ತಿಲ್ಲ. ಫೋಟೊದ ಕಥೆಯೂ ಇದೇ.

ಒಬ್ಬ ಬಳಕೆದಾರನನ್ನು ಸದಾ ಒಂದೇ ಸರ್ವರ್‌ಗೆ ಕಳುಹಿಸುವುದು ಸುಲಭದ ಉಪಾಯ. ಇದಕ್ಕೆ ‘ಸ್ಟಿಕಿ ಸೆಷನ್’ ಎನ್ನುತ್ತಾರೆ. ಲಾಗಿನ್ ತೊಂದರೆಯೇನೋ ನಿಲ್ಲುತ್ತದೆ. ಆದರೆ ಫೋಟೊ ಹಾಕುವವರು ಒಬ್ಬರು, ಪರಿಶೀಲಿಸುವವರು ಇನ್ನೊಬ್ಬರು. ಅಭ್ಯರ್ಥಿ ಮೊದಲ ಸರ್ವರ್‌ಗೆ, ಕಚೇರಿಯ ಸಿಬ್ಬಂದಿ ಎರಡನೆಯದಕ್ಕೆ ಅಂಟಿಕೊಂಡರೆ, ಅಭ್ಯರ್ಥಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಸಿಬ್ಬಂದಿಗೆ ಫೋಟೊ ಜಾಗ ಖಾಲಿ. ‘ಫೋಟೊ ಇಲ್ಲ’ ಎಂದು ಅರ್ಜಿ ತಿರಸ್ಕೃತವಾದರೂ ಅಭ್ಯರ್ಥಿಗೆ ಸುಳಿವೇ ಸಿಗದು. ಹಾಗಾಗಿ ಈ ಅರ್ಧ ಪರಿಹಾರ ಮೂಲ ತೊಂದರೆಗಿಂತ ಅಪಾಯಕಾರಿ.

ಪೂರ್ತಿ ಪರಿಹಾರವೆಂದರೆ ಎರಡನ್ನೂ ಸರ್ವರ್‌ನ ಡಿಸ್ಕ್‌ನಿಂದ ಹೊರಗಿಡುವುದು. ಸೆಷನ್‌ಗಳನ್ನು ಎರಡೂ ಸರ್ವರ್‌ಗಳಿಗೆ ಎಟಕುವ ರೆಡಿಸ್‌ನಲ್ಲಿಡಬಹುದು. ಪಿಎಚ್‌ಪಿಗೆ ರೆಡಿಸ್ ಎಕ್ಸ್‌ಟೆನ್ಶನ್ ಹಾಕಿ, ಎರಡೂ ಕಡೆಯ `php.ini`ಯಲ್ಲಿ ಹೀಗೆ ಬರೆದರೆ ಸಾಕು:

```
session.save_handler = redis
session.save_path = "tcp://10.0.0.5:6379"
```

ಇಲ್ಲಿನ ವಿಳಾಸ ರೆಡಿಸ್ ಇರುವ ಯಂತ್ರದ್ದು. ಅದು ಒಳಗಿನ ನೆಟ್‌ವರ್ಕ್‌ಗೆ ಮಾತ್ರ ತೆರೆದಿರಬೇಕು. ಕಡತಗಳಿಗೆ ಎಸ್‌3 ಮಾದರಿಯ ಆಬ್ಜೆಕ್ಟ್ ಸ್ಟೋರೇಜ್ ಬಳಸಿ, ಡೇಟಾಬೇಸ್‌ನಲ್ಲಿ `photos/2041.jpg` ಎಂಬಂಥ ಹೆಸರನ್ನಷ್ಟೇ ಇಟ್ಟುಕೊಳ್ಳಬೇಕು.

ಈ ಬದಲಾವಣೆಯೆಲ್ಲ ಒಂದೇ ಸರ್ವರ್ ಇರುವಾಗಲೇ ಮುಗಿಯಬೇಕು. ಮೊದಲು ಹೊಸ ಫೋಟೊಗಳು ಹೊಸ ಜಾಗಕ್ಕೆ ಹೋಗಲಿ. ಅಲ್ಲಿ ಸಿಗದಿದ್ದರೆ ಹಳೆಯ ಫೋಲ್ಡರ್‌ನಲ್ಲಿ ಹುಡುಕುವಂತೆ ಕೋಡ್ ಬರೆಯಿರಿ. ಬಳಿಕ ಹಳೆಯವನ್ನು ನಕಲು ಮಾಡಿ, ಎಣಿಕೆ ತಾಳೆಯಾದ ಮೇಲಷ್ಟೇ ಎರಡನೇ ಸರ್ವರ್ ಸೇರಿಸಿ. ಮೊದಲೇ ನಕಲು ಮಾಡಿದರೆ, ಆ ಹೊತ್ತಿನಲ್ಲಿ ಬಂದ ಫೋಟೊಗಳು ಹಿಂದೆಯೇ ಉಳಿದುಬಿಡುತ್ತವೆ. ಸೆಷನ್ ಬದಲಿಸಿದಾಗ ಎಲ್ಲರೂ ಒಮ್ಮೆ ಲಾಗ್‌ಔಟ್ ಆಗುವುದರಿಂದ ಆ ಕೆಲಸಕ್ಕೆ ರಾತ್ರಿ ಸೂಕ್ತ.

ಗೆದ್ದೆವೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆಯಿದೆ. ಲಾಗಿನ್ ಆಗಿ, ಫೋಟೊ ಹಾಕಿ, ಮೊದಲ ಸರ್ವರ್ ಆಫ್ ಮಾಡಿ. ಪಾಸ್‌ವರ್ಡ್ ಕೇಳದೆ ಫೋಟೊ ಕಂಡರೆ ಸರಿ. ಅದನ್ನು ಆನ್ ಮಾಡಿ, ಎರಡನೆಯದನ್ನು ಆರಿಸಿಯೂ ನೋಡಿ. ಆದರೆ ರೆಡಿಸ್ ನಿಂತರೆ ಎರಡೂ ಸರ್ವರ್‌ಗಳಲ್ಲಿ ಯಾರೂ ಲಾಗಿನ್ ಆಗಲಾರರು. ಅದಕ್ಕೂ ಒಂದು ಬದಲಿ ಸಿದ್ಧವಿರಬೇಕು.