ನರೆಗೂದಲಿಗೆ ಯಾವ ಬಣ್ಣದ ಕನ್ನಡಕ?

ನಮ್ಮ ಚಿಕ್ಕಮ್ಮ ಎರಡು ವರ್ಷದ ಹಿಂದೆ ತಲೆಗೂದಲಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದರು. ಕೂದಲು ಬೆಳ್ಳಿಯಾಯಿತು, ಕಪ್ಪು ಫ್ರೇಮಿನ ಕನ್ನಡಕ ಮಾತ್ರ ಹಾಗೇ ಉಳಿಯಿತು. "ಯಾಕೋ ಫೋಟೋದಲ್ಲೆಲ್ಲ ಸಿಡುಕಿ ಥರ ಕಾಣ್ತೀನಿ ಕಣೇ" ಎಂದು ಈಚೆಗೆ ಬೇಸರಪಟ್ಟುಕೊಂಡರು. ಮುಖ ಬದಲಾಗಿರಲಿಲ್ಲ, ಕನ್ನಡಕವೂ ಬದಲಾಗಿರಲಿಲ್ಲ. ಅವೆರಡರ ನಡುವಿನ ಹೊಂದಾಣಿಕೆ ತಪ್ಪಿತ್ತು.

ಕೂದಲು ಕಪ್ಪಾಗಿದ್ದಾಗ ಕಪ್ಪು ಫ್ರೇಮು ಅದರ ಜೊತೆ ಸೇರಿಕೊಳ್ಳುತ್ತದೆ. ತಲೆಯ ಮೇಲಿನ ಕಪ್ಪು, ಹುಬ್ಬಿನ ಕಪ್ಪು, ಫ್ರೇಮಿನ ಕಪ್ಪು ಎಲ್ಲ ಒಂದೇ ಗುಂಪು. ಕೂದಲು, ಹುಬ್ಬು ಬೆಳ್ಳಗಾದ ಮೇಲೆ ಮುಖದಲ್ಲಿ ಅಷ್ಟು ಗಾಢವಾದದ್ದು ಫ್ರೇಮು ಒಂದೇ. ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಅದಕ್ಕೇ ಬಣ್ಣ ಆರಿಸುವಾಗ ನಾನು ಮೊದಲು ನೋಡುವುದು ಕೂದಲಿಗೂ ಚರ್ಮಕ್ಕೂ ಎಷ್ಟು ಅಂತರವಿದೆ ಎಂಬುದನ್ನು. ಫ್ರೇಮು ಚರ್ಮಕ್ಕಿಂತ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು, ಆದರೆ ಮುಖವನ್ನೇ ಹಿಂದಕ್ಕೆ ತಳ್ಳುವಷ್ಟು ಅಲ್ಲ.

ಆಮೇಲೆ ಚರ್ಮದ ಒಳಛಾಯೆ. ಬೆಳ್ಳಗೋ ಕಪ್ಪೋ ಎನ್ನುವುದು ಬೇರೆ, ಒಳಛಾಯೆ ಬೇರೆ. ಎಣ್ಣೆಗೆಂಪು, ಗೋಧಿ ಬಣ್ಣದ ಮೈ ಹಲವರಲ್ಲಿ ಹಳದಿಯ ಕಡೆ ವಾಲುತ್ತದೆ. ಕೆಲವರದು ಗುಲಾಬಿ ಅಥವಾ ನೀಲಿಯ ಕಡೆ. ಕಿವಿಯ ಪಕ್ಕದಲ್ಲಿ ಒಮ್ಮೆ ಚಿನ್ನದ ಒಡವೆ, ಒಮ್ಮೆ ಬೆಳ್ಳಿಯದು ಹಿಡಿದು ನೋಡಿದರೆ ಸುಮಾರಾಗಿ ತಿಳಿಯುತ್ತದೆ. ಚಿನ್ನ ಹಿಡಿದಾಗ ಮುಖ ಕಳೆಕಟ್ಟಿದರೆ ಕಂದು, ಜೇನು, ಮರೂನು, ಆಲಿವ್ ಹಸಿರು ಒಗ್ಗುತ್ತವೆ. ಬೆಳ್ಳಿಗೆ ಕಳೆ ಬಂದರೆ ಬೂದು, ಕಡುನೀಲಿ, ನೇರಳೆ. ಎರಡೂ ಒಪ್ಪುವವರೂ ಇದ್ದಾರೆ, ಅವರಿಗೆ ಈ ಪರೀಕ್ಷೆಯಿಂದ ಉಪಯೋಗವಿಲ್ಲ.

ಅಂಗಡಿಯಲ್ಲಿ ಒಂದು ತೊಡಕಿತ್ತು. ಚಿಕ್ಕಮ್ಮನಿಗೆ ಮೈನಸ್ ಐದು ಪವರ್. ಹೊಸ ಫ್ರೇಮಿನಲ್ಲಿರುವುದು ಪವರ್ ಇಲ್ಲದ ಗಾಜು, ಹಾಕಿಕೊಂಡು ಕನ್ನಡಿ ನೋಡಿದರೆ ತಮ್ಮ ಮುಖ ತಮಗೇ ಮಸುಕು. ಹೀಗಾಗಿಯೇ ಎಷ್ಟೋ ಜನ ಅಂಗಡಿಯವರು ಹೇಳಿದ್ದನ್ನು ನಂಬಿ ಕೊಳ್ಳುತ್ತಾರೆ. ನಾನು ಒಂದೊಂದು ಫ್ರೇಮಿನಲ್ಲೂ ಅವರ ಫೋಟೋ ತೆಗೆದೆ, ಮುಖ ನುಣುಪು ಮಾಡುವ ಫಿಲ್ಟರ್ ಆರಿಸಿ. ಅವರು ಹಳೆಯ ಕನ್ನಡಕ ಹಾಕಿಕೊಂಡು ಅವನ್ನು ನೋಡಿದರು. ಫೋಟೋ ತೆಗೆದದ್ದು ಅಂಗಡಿಯ ಬಾಗಿಲ ಹೊರಗೆ, ಬಿಸಿಲಿಲ್ಲದ ಹಗಲ ಬೆಳಕಿನಲ್ಲಿ. ಒಳಗಿನ ಬಿಳಿ ದೀಪದಡಿ ಹಳದಿ ಛಾಯೆಯ ಮುಖವೂ ತಣ್ಣಗೆ, ಬಿಳುಚಾಗಿ ಕಾಣುತ್ತದೆ. ಅಲ್ಲಿ ಆರಿಸಿದ ಬಣ್ಣ ಮನೆಗೆ ಬಂದ ಮೇಲೆ ಬೇರೆಯೇ ಆಗಿಬಿಡುತ್ತದೆ.

ಜೇನುಬಣ್ಣದ್ದು ಅವರ ಎಣ್ಣೆಗೆಂಪು ಚರ್ಮದಲ್ಲಿ ಕರಗಿಹೋಗಿ ಮುಖ ಸಪ್ಪೆಯಾಯಿತು. ತೆಳು ಬೆಳ್ಳಿ ತಂತಿಯದು ಕೂದಲಿಗೇನೋ ಸರಿಹೋಗುತ್ತಿತ್ತು. ಆದರೆ ಮೈನಸ್ ಗಾಜು ಅಂಚಿನಲ್ಲಿ ದಪ್ಪ. ತಂತಿಯ ಆಚೆ ಈಚೆ ಆ ದಪ್ಪ ಎದ್ದು ಕಾಣುತ್ತದೆ. ಹೆಚ್ಚು ಮೈನಸ್ ಇರುವವರಿಗೆ ಸ್ವಲ್ಪ ದಪ್ಪನೆಯ, ಗಾಢ ಬಣ್ಣದ ಅಂಚು ಒಳ್ಳೆಯದು.

ಕೊನೆಗೆ ಒಪ್ಪಿದ್ದು ಮರೂನು. ಮೇಲಂಚಿನಲ್ಲಿ ಗಾಢವಾಗಿ, ಕೆಳಗೆ ಬರುತ್ತಾ ಪಾರದರ್ಶಕವಾಗುವ ಅಸಿಟೇಟ್ ಫ್ರೇಮು. ಚಿಕ್ಕಮ್ಮನದು ದುಂಡು ಮುಖ. ಕೆನ್ನೆಯ ಮೇಲೆ ಗಾಢ ಗೆರೆ ಬಿದ್ದರೆ ಮುಖ ಇನ್ನೂ ಅಗಲವಾಗಿ ಕಾಣುತ್ತಿತ್ತು. ಬಣ್ಣ ಮೇಲೆ ನಿಂತದ್ದರಿಂದ ನೋಟ ಹುಬ್ಬಿನ ಕಡೆ ಏರಿತು. ಉದ್ದ ಮುಖದವರಿಗೆ ಇದು ತಿರುಗುಮುರುಗು. ಅವರಿಗೆ ಸುತ್ತಲೂ ಒಂದೇ ಬಣ್ಣವಿದ್ದು, ಕಿವಿಯ ಕಡೆ ಹೋಗುವ ಕಡ್ಡಿಗಳೂ ಬಣ್ಣದಲ್ಲಿ ಎದ್ದು ಕಂಡರೆ ನೋಟ ಅಡ್ಡಕ್ಕೆ ಹರಿಯುತ್ತದೆ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಫೋಟೋ ನೋಡುವಾಗ. ಅವರ ಹಣೆಯಲ್ಲಿ ದಿನವೂ ಕುಂಕುಮ, ಮೂಗಿನಲ್ಲಿ ಚಿನ್ನದ ಮೂಗುತಿ. ಫ್ರೇಮು ಕೂರುವುದು ಸರಿಯಾಗಿ ಇವೆರಡರ ನಡುವೆ. ಆರಿಸಿಟ್ಟಿದ್ದ ಕಡುನೀಲಿಯದು ಬರಿಯ ಹಣೆಗೆ ಚೆನ್ನಾಗಿಯೇ ಇತ್ತು, ಕುಂಕುಮದ ಕೆಳಗೆ ಮಾತ್ರ ಎರಡೂ ಪೈಪೋಟಿಗೆ ಬಿದ್ದವು. ಮರೂನು ಕುಂಕುಮದ ಬಳಗದ್ದೇ ಬಣ್ಣ. ಅಂಗಡಿಗೆ ಹೋಗುವಾಗ ದಿನ ಇಟ್ಟುಕೊಳ್ಳುವ ಬೊಟ್ಟು, ಒಡವೆ ಇಟ್ಟುಕೊಂಡೇ ಹೋಗಬೇಕು.

ಕೊಳ್ಳುವ ಮುಂಚೆ ಕಡ್ಡಿಯ ಅಂಚನ್ನು ತಿರುಗಿಸಿ ನೋಡಿದೆ. ಅಸಿಟೇಟ್ ಹಾಳೆಯಿಂದ ಕತ್ತರಿಸಿದ ಫ್ರೇಮಿನಲ್ಲಿ ಬಣ್ಣ ಒಳಗಿನವರೆಗೂ ಇರುತ್ತದೆ. ಮೇಲೆ ಬಳಿದದ್ದಾದರೆ ಅಂಚಿನಲ್ಲಿ, ಒಳಬದಿಯಲ್ಲಿ ಬೇರೆ ಬಣ್ಣ ಇಣುಕುತ್ತದೆ. ಅಂಥದ್ದು ಮೂಗಿನ ಹತ್ತಿರ ಬೆವರು ತಾಗಿ ತಾಗಿ ಸಿಪ್ಪೆಯೇಳುತ್ತದೆ. ಪಾರದರ್ಶಕ ಭಾಗ ಬೆವರು, ಬಿಸಿಲಿಗೆ ಕಾಲಕ್ರಮೇಣ ಹಳದಿಗೆ ತಿರುಗಬಹುದು ಎಂದೂ ಚಿಕ್ಕಮ್ಮನಿಗೆ ಹೇಳಿದೆ. "ಆಗ ಇನ್ನೊಂದು ತಗೊಳ್ಳೋಣ ಬಿಡು" ಎಂದು ಹಳೆಯ ಕಪ್ಪು ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡರು.