ಮೀಟರಿನ ಮಿಣುಕು ಎಣಿಸಿದ ಮನೆ

ಆಟ ಆಡುವ ಕಂಪ್ಯೂಟರ್ ಎಷ್ಟು ಕರೆಂಟ್ ತಿನ್ನುತ್ತದೆ ಎಂಬ ಪ್ರಶ್ನೆಯನ್ನು ವಿಜ್ಞಾನದ ಲೋಕ ಬಹುಕಾಲ ಕೇಳಲೇ ಇಲ್ಲ. ಕಡೆಗೆ ಕೇಳಿದ್ದು ಒಬ್ಬ ಅಪ್ಪ ಮತ್ತು ಮಗ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿದ್ಯುತ್ ಉಳಿತಾಯದ ಮೇಲೆ ಕೆಲಸ ಮಾಡುತ್ತಿದ್ದ ಇವಾನ್ ಮಿಲ್ಸ್ ಅವರ ಮಗ ನಥಾನಿಯಲ್‌ಗೆ ಗೇಮಿಂಗ್ ಪಿಸಿಯ ಹುಚ್ಚು. ಇಬ್ಬರೂ ಸೇರಿ ಪಿಸಿ ಜೋಡಿಸಿದರು, ಬಿಡಿಭಾಗ ಬದಲಿಸುತ್ತ ಪ್ರತಿ ಸಲವೂ ಮೀಟರ್ ಹಚ್ಚಿ ಅಳೆದರು. 2015ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿತ್ತು: ಒಂದು ಗೇಮಿಂಗ್ ಪಿಸಿ ವರ್ಷಕ್ಕೆ ಸುಮಾರು 1,400 ಯೂನಿಟ್ ಉಣ್ಣುತ್ತದೆ. ಅದು ಹತ್ತು ಕನ್ಸೋಲ್‌ಗಳಿಗೆ ಸಮ, ಮೂರು ಫ್ರಿಜ್‌ಗಳಿಗೂ ಸಮ. ಭಾಗಗಳನ್ನು ನೋಡಿ ಆರಿಸಿದರೆ ಇದರಲ್ಲಿ ಮುಕ್ಕಾಲು ಪಾಲು ಉಳಿಸಬಹುದು, ಆಟವೇನೂ ಕೆಡುವುದಿಲ್ಲ ಎಂದೂ ಅವರೇ ತೋರಿಸಿದರು.

ಇದೇ ಪ್ರಶ್ನೆ ಬೆಳಗಾವಿಯ ಖಾಸಬಾಗದಲ್ಲಿ, ನಮ್ಮ ಓಣಿಯ ಒಂದು ನೇಕಾರರ ಮನೆಯಲ್ಲಿ ಎದ್ದಿತು. ಅಲ್ಲಿ ಅಳೆಯುವ ಉಪಕರಣ ಯಾವುದೂ ಇರಲಿಲ್ಲ. ಅಣ್ಣ ತಮ್ಮಂದಿರ ಒಟ್ಟು ಕುಟುಂಬ, ಕೆಳಗೆ ಮಗ್ಗ, ಮೇಲೆ ಮನೆ. ಮಗ್ಗದ ಮೀಟರ್ ಬೇರೆ, ಮನೆಯ ಮೀಟರ್ ಬೇರೆ. ದೊಡ್ಡಪ್ಪನ ಮಗ ಪಿಸಿ ಇಟ್ಟಿದ್ದ, ಚಿಕ್ಕಪ್ಪನ ಮಗ ಪ್ಲೇಸ್ಟೇಷನ್ 5 ತಂದಿದ್ದ. ಗೃಹಜ್ಯೋತಿ ಬಂದ ಮೇಲೆ ಮರೆತೇ ಹೋಗಿದ್ದ ಹೆಸ್ಕಾಂ ಬಿಲ್ಲು ಒಂದು ತಿಂಗಳು ದಿಢೀರನೆ ಸಾವಿರದ ಲೆಕ್ಕದಲ್ಲಿ ಬಂತು.

‘ಎಲ್ಲಾ ನಿನ್ನ ಪಿಸಿದ್ದ ಆಟ ಅಣ್ಣಾ, ಏಳನೂರಾ ಐವತ್ತ ವ್ಯಾಟ್ ಅಂತ ಅದರ ಮ್ಯಾಲೇ ಬರದೈತಿ’ ಎಂದ ಸಣ್ಣವ.

‘ನಿಂದೂ ಮತ್ತ ಐವತ್ತೈದ ಇಂಚಿನ ಟಿವಿ ಐತೆಲ್ಲೊ’ ಎಂದ ದೊಡ್ಡವ.

ಜಗಳ ಬಗೆಹರಿಸಿದ್ದು ಮಗ್ಗ ನಡೆಸುವ ದೊಡ್ಡಪ್ಪ. ಹಳೆಯ ಚಕ್ರದ ಮೀಟರಿದ್ದ ಕಾಲದಲ್ಲಿ ಅವರು ತಟ್ಟೆಯ ಮೇಲಿನ ಕೆಂಪು ಗುರುತು ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತದೆ ಎಂದು ಎಣಿಸಿ ಮಗ್ಗದ ಮೋಟರು ಭಾರ ಎಳೆಯುತ್ತಿದೆಯೇ ಎಂದು ಹೇಳುತ್ತಿದ್ದವರು. ‘ಈಗಿನ ಮೀಟರ್ ತಿರಗೂದಿಲ್ಲ, ಮಿಣಕತೈತಿ. ಅದನ್ನ ಎಣಸ್ರಿ’ ಎಂದರು.

ಈಗಿನ ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಅದರ ಪಕ್ಕದಲ್ಲಿ `imp/kWh` ಎಂದು ಬರೆದು ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಆ ಮನೆಯ ಮೀಟರಿನಲ್ಲಿ ಅದು 3200. ಅಂದರೆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಕೆಲವು ಮೀಟರುಗಳಲ್ಲಿ `kVArh` ಎಂದು ಬರೆದ ಇನ್ನೊಂದು ದೀಪವೂ ಇರುತ್ತದೆ, ಅದನ್ನು ಎಣಿಸಿದರೆ ಲೆಕ್ಕವೇ ಸುಳ್ಳಾಗುತ್ತದೆ. ವ್ಯಾಟ್ ಹುಡುಕುವ ಸೂತ್ರ ಇಷ್ಟೇ:

```
W = ಮಿಣುಕು × 60000 ÷ (ನಿಮಿಷ × imp)
```

ಎಣಿಸುವ ಮೊದಲು ಮನೆಯ ಉಳಿದದ್ದೆಲ್ಲ ಬಂದ್ ಇರಬೇಕು. ಇಲ್ಲಿ ಕೈಕೊಡುವುದು ಎರಡು ವಸ್ತು. ಫ್ರಿಜ್ ಒಂದು, ಅದರ ಕಂಪ್ರೆಸರ್ ತನಗೆ ಬೇಕಾದಾಗ ಎದ್ದು ಮಲಗುತ್ತದೆ. ಇನ್ನೊಂದು ಇನ್ವರ್ಟರ್. ಕರೆಂಟ್ ಹೋಗಿ ಬಂದ ಮೇಲೆ ಗಂಟೆಗಟ್ಟಲೆ ಬ್ಯಾಟರಿ ತುಂಬಿಸುತ್ತಲೇ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನ್ನೂ ತೆಗೆದು, ದೀಪ ಪೂರ್ತಿ ಸುಮ್ಮನಾದದ್ದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಹುಡುಗರು ಶುರು ಮಾಡಿದ್ದು. ಒಬ್ಬ ಆಟದಲ್ಲಿ, ಇನ್ನೊಬ್ಬ ಮೀಟರ್ ಮುಂದೆ ಮೊಬೈಲಿನ ಗಡಿಯಾರ ಹಿಡಿದು.

ಪಿಸಿ ಮತ್ತು ಅದರ ಮಾನಿಟರ್ ಮೇಲೆ ಭಾರಿ ಆಟ ನಡೆದಾಗ ಮೂರು ನಿಮಿಷಕ್ಕೆ 72 ಮಿಣುಕು. ಅಂದರೆ 450 ವ್ಯಾಟ್. ಸಣ್ಣವನ 750ರ ವಾದ ಅಲ್ಲಿಗೇ ಬಿತ್ತು. ಪವರ್ ಸಪ್ಲೈ ಮೇಲೆ ಬರೆದ ಅಂಕಿ ಅದು ಕೊಡಬಲ್ಲ ಗರಿಷ್ಠ ಶಕ್ತಿ, ದಿನಾ ಎಳೆಯುವ ಶಕ್ತಿಯಲ್ಲ. ಅದನ್ನೇ ಹಿಡಿದು ತಿಂಗಳ ಖರ್ಚು ಗುಣಿಸುವವರು ಊರೆಲ್ಲ ಇದ್ದಾರೆ. ಆದರೂ 450 ಸಣ್ಣದೇನಲ್ಲ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ‘ಅರ್ಧಾ ಎಚ್‌ಪಿಕಿಂತ ಹೆಚ್ಚಾತಲ್ಲೊ!’ ಎಂದು ದೊಡ್ಡಪ್ಪ ಬೆರಗಾದರು. ಖಾಸಬಾಗದವರಿಗೆ ವ್ಯಾಟಿಗಿಂತ ಎಚ್‌ಪಿ ಬೇಗ ತಿಳಿಯುತ್ತದೆ.

ಪ್ಲೇಸ್ಟೇಷನ್ ಮತ್ತು ಟಿವಿ ಸೇರಿ 48 ಮಿಣುಕು, 300 ವ್ಯಾಟ್. ಟಿವಿ ಒಂದೇ ಇದ್ದಾಗ 16, ಅಂದರೆ 100 ವ್ಯಾಟ್. ಹಾಗಾಗಿ ಕನ್ಸೋಲಿನ ಪಾಲು 200. ಪ್ಲೇಸ್ಟೇಷನ್ 5 ಹೊಸ ಆಟಗಳಿಗೆ ಸಾಮಾನ್ಯವಾಗಿ ಎಳೆಯುವುದೂ ಅಷ್ಟೇ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇದ್ದಿದ್ದರೆ ಅದು 75ರ ಆಸುಪಾಸು ನಿಲ್ಲುತ್ತಿತ್ತು. ಕನ್ಸೋಲನ್ನು ಟಿವಿ ಬಿಟ್ಟು ಅಳೆಯುವುದು, ಪಿಸಿಯನ್ನು ಮಾನಿಟರ್ ಸಮೇತ ಅಳೆಯುವುದು ನ್ಯಾಯವಲ್ಲ. ಪರದೆ ಎರಡರ ಲೆಕ್ಕದಲ್ಲೂ ಬರಬೇಕು.

ದಿನಕ್ಕೆ ಮೂರು ತಾಸಿನ ಆಟ ಎಂದುಕೊಂಡರೆ ತಿಂಗಳಿಗೆ ಪಿಸಿಯ ಆಟ 40.5 ಯೂನಿಟ್, ಕನ್ಸೋಲಿನದು 27. 2025–26ರಲ್ಲಿದ್ದ ಯೂನಿಟ್ಟಿಗೆ 5.80 ರೂಪಾಯಿ ದರ, ಅದರ ಮೇಲೆ ಪಿಂಚಣಿ ಸರ್‌ಚಾರ್ಜ್, ಶೇ 9 ತೆರಿಗೆ, ಇಂಧನ ಹೊಂದಾಣಿಕೆ ಎಲ್ಲ ಸೇರಿಸಿ ಏಳು ರೂಪಾಯಿ ಹಿಡಿದರೆ ಆಟದ ವ್ಯತ್ಯಾಸ ತಿಂಗಳಿಗೆ ನೂರು ರೂಪಾಯಿಯ ಹತ್ತಿರ. ಇಷ್ಟಕ್ಕೆ ಬಿಲ್ಲು ಸಾವಿರ ದಾಟುವುದು ಹೇಗೆ?

ಅದಕ್ಕೇ ಆಟ ಇಲ್ಲದ ಹೊತ್ತನ್ನೂ ಎಣಿಸಿದರು. ದೊಡ್ಡವ ಆಟ ಮುಗಿಸಿ ಮಾನಿಟರ್ ಆರಿಸಿ ಮಲಗುತ್ತಿದ್ದ, ಪಿಸಿ ಡೌನ್‌ಲೋಡ್ ನೆಪದಲ್ಲಿ ಚಾಲೂ ಇರುತ್ತಿತ್ತು. ಮೂರು ನಿಮಿಷಕ್ಕೆ 12 ಮಿಣುಕು, 75 ವ್ಯಾಟ್. ರಾತ್ರಿ ಎಂಟು ತಾಸು ಹೀಗೇ ಇದ್ದರೆ ತಿಂಗಳಿಗೆ 18 ಯೂನಿಟ್. ಇನ್ನು ಪ್ಲೇಸ್ಟೇಷನ್ ರೆಸ್ಟ್ ಮೋಡ್‌ನಲ್ಲಿ ಕಿತ್ತಳೆ ದೀಪ ಹಚ್ಚಿಕೊಂಡು ಕುಳಿತಾಗ ಮೀಟರ್ ಮುಂದೆ ಕಾದು ಕಾದು ಸಾಕಾಗುವಷ್ಟು ಹೊತ್ತಿನ ಮೇಲೆ ಒಂದು ಮಿಣುಕು. ನೆಟ್ ಮತ್ತು ಯುಎಸ್‌ಬಿ ಚಾರ್ಜಿಂಗ್ ಇಟ್ಟರೂ ತಿಂಗಳಿಗೆ ಎರಡೂವರೆ ಯೂನಿಟ್ ಆದರೆ ಹೆಚ್ಚು. ಹೀಗೆ ಪಿಸಿ 58.5, ಕನ್ಸೋಲ್ 29.5. ಸರಿಸುಮಾರು 410 ರೂಪಾಯಿ ಮತ್ತು 205 ರೂಪಾಯಿ. ಪಿಸಿ ಕನ್ಸೋಲಿನ ಎರಡರಷ್ಟು ಎಂಬುದು ಸಿದ್ಧವಾಯಿತು. ಬಿಲ್ಲಿನ ಒಗಟು ಮಾತ್ರ ಹಾಗೇ ಉಳಿಯಿತು.

ಅದು ಬಿಡಿಸಿಕೊಂಡಿದ್ದು ಬಿಲ್ಲನ್ನು ಕೈಗೆತ್ತಿಕೊಂಡು ಓದಿದಾಗ. 2023ರ ಜುಲೈನಿಂದ ಜಾರಿಯಾದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದು ಜನ ಹೇಳುತ್ತಾರೆ, ಅದು ಅರ್ಧ ನಿಜ. ಪ್ರತಿ ಮನೆಗೂ ಅದರದೇ ಅರ್ಹತೆಯ ಯೂನಿಟ್ ಇದೆ: ಸಾಮಾನ್ಯವಾಗಿ 2022–23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10. ಈ ಮನೆಯ ಸರಾಸರಿ 130, ಹಾಗಾಗಿ ಅರ್ಹತೆ 143. ಅಷ್ಟರೊಳಗಿದ್ದರೆ ಸೊನ್ನೆ ಬಿಲ್ಲು. 143 ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿತೋ, ಮೊದಲ ಯೂನಿಟ್ಟಿನಿಂದ ಹಿಡಿದು ಪೂರ್ತಿ ಬಿಲ್ಲು.

ಮನೆಯ ಫ್ಯಾನು, ಫ್ರಿಜ್ಜು, ಮಿಕ್ಸರ್, ದೀಪ ಎಲ್ಲ ಸೇರಿ 120 ಯೂನಿಟ್. ಅದಕ್ಕೆ ಕನ್ಸೋಲಿನ 29.5, ಪಿಸಿಯ 58.5 ಸೇರಿದಾಗ 208. ಗೆರೆ ದಾಟಿದ್ದು ಎಂಟೇ ಯೂನಿಟ್! 200ಕ್ಕೆ ನಿಂತಿದ್ದರೆ 57 ಯೂನಿಟ್ಟಿಗೆ ನಾನೂರು ರೂಪಾಯಿ ಸಾಕಿತ್ತು. ಎಂಟು ಹೆಚ್ಚಾದದ್ದಕ್ಕೆ 208ಕ್ಕೂ ಕಟ್ಟಬೇಕಾಯಿತು, ಅದೇ ಸುಮಾರು 1,450 ರೂಪಾಯಿ, ನಿಗದಿತ ಶುಲ್ಕ ಬೇರೆ. ಆ ಎಂಟು ಯೂನಿಟ್ಟುಗಳಿಗೆ ತಲಾ ನೂರು ರೂಪಾಯಿಗೂ ಹೆಚ್ಚು ಬಿದ್ದಂತಾಯಿತು. ಹುಡುಗರ ಜಗಳದಲ್ಲಿ ಇಬ್ಬರೂ ತಪ್ಪಿತಸ್ಥರಲ್ಲ, ಇಬ್ಬರೂ ತಪ್ಪಿತಸ್ಥರೇ. ಬೇರೆ ಬೇರೆ ಇದ್ದಿದ್ದರೆ ಯಾರೊಬ್ಬನ ಆಟವೂ 200 ಮುಟ್ಟುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಹುಡುಕಾಟದಲ್ಲಿ ಸಿಕ್ಕ ದೊಡ್ಡ ಸಂಗತಿ ಇದೇ. ಕರ್ನಾಟಕದ ಮನೆಯಲ್ಲಿ ಆಟದ ಖರ್ಚನ್ನು ವ್ಯಾಟ್ ಒಂದರಿಂದಲೇ ಹೇಳಲಾಗದು. ಆ ಯೂನಿಟ್ ಗೆರೆಯ ಯಾವ ಕಡೆ ಬೀಳುತ್ತದೆ ಎಂಬುದೇ ಹಣ.

ಉಳಿಸುವ ಕೆಲಸ ಆ ಮೇಲೆ ಸುಲಭವಾಯಿತು. ಮೊದಲು ರಾತ್ರಿಯ 75 ವ್ಯಾಟ್. ಹದಿನೈದು ನಿಮಿಷ ಯಾರೂ ಮುಟ್ಟದಿದ್ದರೆ ನಿದ್ದೆಗೆ ಹೋಗುವಂತೆ ವಿಂಡೋಸ್‌ಗೆ ಹೇಳಿದರು. ಮೊದಲ ರಾತ್ರಿ ಪಿಸಿ ಮಲಗಲೇ ಇಲ್ಲ. ಕೆಳಗಿನ ಎರಡನೆಯ ಆಜ್ಞೆ ಯಾವ ಪ್ರೋಗ್ರಾಂ ಅದನ್ನು ಎಚ್ಚರ ಇಟ್ಟಿದೆ ಎಂದು ತೋರಿಸುತ್ತದೆ, ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ನಡೆಸಬೇಕು:

```
powercfg /change standby-timeout-ac 15
powercfg /requests
```

ಎಚ್ಚರ ಇಟ್ಟಿದ್ದ ಪ್ರೋಗ್ರಾಂ ಮುಚ್ಚಿದ ಮೇಲೆ ಪಿಸಿ ಮಲಗಿತು. ನಿದ್ದೆಯಲ್ಲಿ ಅದು ಎಳೆಯುವುದು ಒಂದೆರಡು ವ್ಯಾಟ್. ಒಂದೇ ಹೊಡೆತಕ್ಕೆ 17 ಯೂನಿಟ್ ಇಳಿಯಿತು, 208 ಇದ್ದದ್ದು 191.

ಎರಡನೆಯದು ಗ್ರಾಫಿಕ್ಸ್ ಕಾರ್ಡ್. ದೊಡ್ಡವನದು ಆರ್‌ಟಿಎಕ್ಸ್ 3080, ಕಾರ್ಖಾನೆಯ ಮಿತಿಯೇ 320 ವ್ಯಾಟ್. ಇಂಥ ಕಾರ್ಡುಗಳು ಕೊನೆಯ ಕೆಲವು ಫ್ರೇಮುಗಳಿಗಾಗಿ ವೋಲ್ಟೇಜ್ ಏರಿಸಿ ಬೇಕಾಬಿಟ್ಟಿ ಶಕ್ತಿ ಸುಡುತ್ತವೆ. ಆಫ್ಟರ್‌ಬರ್ನರ್‌ನಲ್ಲಿ `Power Limit` 75ಕ್ಕೆ ಇಳಿಸಿದರೆ ಕಾರ್ಡ್ 240ಕ್ಕೆ ನಿಲ್ಲುತ್ತದೆ, ಆಟದ ವೇಗ ಮಾತ್ರ ಅಷ್ಟು ಬೀಳುವುದಿಲ್ಲ. ಜೊತೆಗೆ ಫ್ರೇಮುಗಳಿಗೆ ಮಿತಿ ಹಾಕಿದರು. ಮಿತಿ ಇಲ್ಲದಿದ್ದರೆ ಕೆಲವು ಆಟಗಳ ಮೆನು ಪರದೆಯೇ ಕಾರ್ಡನ್ನು ಪೂರ್ತಿ ದುಡಿಸುತ್ತದೆ, ಆಡುವವ ಚಹಾಕ್ಕೆ ಎದ್ದು ಹೋಗಿರುತ್ತಾನೆ. ಮತ್ತೆ ಎಣಿಸಿದಾಗ 72 ಇದ್ದ ಮಿಣುಕು 48. ಪಿಸಿಯೂ 300 ವ್ಯಾಟ್, ಟಿವಿ ಸಮೇತ ಕನ್ಸೋಲೂ 300 ವ್ಯಾಟ್! ತಿಂಗಳಿಗೆ ಇನ್ನೂ ಹದಿಮೂರೂವರೆ ಯೂನಿಟ್ ಕಡಿಮೆ. ಮಿಲ್ಸ್ ಅಪ್ಪ ಮಗ ಬಿಡಿಭಾಗ ಬದಲಿಸಿ ಉಳಿಸಿದ್ದರು, ಇವರು ಕೈಯಿಂದ ಒಂದು ರೂಪಾಯಿ ಹಾಕಲಿಲ್ಲ.

ಕನ್ಸೋಲಿನಲ್ಲಿ ಇಳಿಸಲು ಜಾಗ ಕಡಿಮೆ, ಅದರ ವ್ಯಾಟ್ ನಮ್ಮ ಕೈಯಲ್ಲಿಲ್ಲ. ಟಿವಿಯ ಹೊಳಪು ಇಳಿಸಬಹುದು. ಸಿನಿಮಾ ನೋಡುವಾಗ ಪ್ಲೇಸ್ಟೇಷನ್ ಬಿಟ್ಟು ಟಿವಿಯ ಆ್ಯಪ್ ಬಳಸಬಹುದು, ಇಲ್ಲದಿದ್ದರೆ ಐವತ್ತು ಅರವತ್ತು ವ್ಯಾಟ್ ಸುಮ್ಮನೆ ಹೋಗುತ್ತದೆ. ಎಕ್ಸ್‌ಬಾಕ್ಸ್ ಇದ್ದವರು ಸೆಟ್ಟಿಂಗ್ ನೋಡಲೇಬೇಕು: ಅದರ ಸ್ಲೀಪ್ ಹತ್ತಕ್ಕೂ ಹೆಚ್ಚು ವ್ಯಾಟ್ ಎಳೆಯುತ್ತದೆ, ಶಟ್‌ಡೌನ್ ಅದರ ಇಪ್ಪತ್ತರಲ್ಲಿ ಒಂದು ಪಾಲು.

ಆ ಮನೆಯ ಬಳಕೆ ಈಗ 178 ಯೂನಿಟ್. ಹೆಚ್ಚುವರಿ 35 ಯೂನಿಟ್ಟಿಗೆ ಇನ್ನೂರೈವತ್ತು ರೂಪಾಯಿಯೊಳಗೆ ಮುಗಿಯುತ್ತದೆ, ಇಬ್ಬರೂ ಮೊದಲಿನಷ್ಟೇ ಹೊತ್ತು ಆಡುತ್ತಾರೆ. ನಿಮ್ಮ ಮನೆಯಲ್ಲಿ ಹೊಸ ಕಾರ್ಡ್ ಅಥವಾ ಕನ್ಸೋಲ್ ತರುವ ಮಾತು ಎದ್ದರೆ, ಬೆಲೆಗಿಂತ ಮೊದಲು ಹಳೆಯ ಬಿಲ್ಲು ತೆಗೆದು ಅರ್ಹತೆಯ ಯೂನಿಟ್ ಎಷ್ಟಿದೆ, 200ಕ್ಕೆ ಇನ್ನೆಷ್ಟು ಜಾಗ ಉಳಿದಿದೆ ನೋಡಿಕೊಳ್ಳಿ.